ನಮ್ಮ ಮೆಟ್ರೊ ನಕ್ಷೆ ಓದುವ ಬಗೆ

ಬೆಂಗಳೂರಿಗೆ ಹೊಸದಾಗಿ ಬಂದವರು ಮೆಟ್ರೊ ನಿಲ್ದಾಣದ ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತಾಗ ಸಾಮಾನ್ಯವಾಗಿ ಅದರಲ್ಲಿ ಎರಡು ಸಂಗತಿ ಹುಡುಕುತ್ತಾರೆ: ನಾನು ಹೋಗಬೇಕಾದ ಜಾಗ ಎಷ್ಟು ದೂರ, ಅಲ್ಲಿಗೆ ಎಷ್ಟು ದುಡ್ಡು. ಈ ಎರಡನ್ನೂ ನಕ್ಷೆ ಹೇಳುವುದಿಲ್ಲ. ಅದು ಹೇಳುವುದು ಬೇರೆಯದನ್ನು. ಯಾವ ನಿಲ್ದಾಣ ಯಾವ ಮಾರ್ಗದಲ್ಲಿದೆ, ಯಾವುದಾದ ಮೇಲೆ ಯಾವುದು ಬರುತ್ತದೆ, ಒಂದು ಮಾರ್ಗದಿಂದ ಇನ್ನೊಂದಕ್ಕೆ ಎಲ್ಲಿ ದಾಟಬಹುದು ಎಂಬಿಷ್ಟೇ ಅದರ ವಿಷಯ. ಇಲ್ಲಿನ ವಿವರಣೆ 2025ರ ಕೊನೆಯ ಹೊತ್ತಿಗೆ ಓಡುತ್ತಿದ್ದ ಮೂರು ಮಾರ್ಗಗಳ ನಕ್ಷೆಯನ್ನು ಆಧರಿಸಿದೆ.

ಮೂರು ಬಣ್ಣ, ಎರಡು ಕೂಡುತಾಣ

ನೇರಳೆ ಮಾರ್ಗ ಪೂರ್ವ–ಪಶ್ಚಿಮವಾಗಿ ಹೋಗುತ್ತದೆ. ಪೂರ್ವದ ತುದಿ ವೈಟ್‌ಫೀಲ್ಡ್ (ಕಾಡುಗೋಡಿ), ಪಶ್ಚಿಮದ ತುದಿ ಚಲ್ಲಘಟ್ಟ. ನಡುವೆ ಒಟ್ಟು 37 ನಿಲ್ದಾಣ, ಸುಮಾರು 43 ಕಿ.ಮೀ. ಹಸಿರು ಮಾರ್ಗ ಉತ್ತರ–ದಕ್ಷಿಣದ್ದು. ತುಮಕೂರು ರಸ್ತೆಯ ಮಾದಾವರದಿಂದ ಹೊರಟು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ 32 ನಿಲ್ದಾಣ. ಈ ಎರಡೂ ಸಂಧಿಸುವುದು ಮೆಜೆಸ್ಟಿಕ್‌ನಲ್ಲಿ, ನೆಲದಡಿಯಲ್ಲಿರುವ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ. ಮೂರನೆಯದಾದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಹಸಿರು ಮಾರ್ಗದ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹುಟ್ಟಿ, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರದಲ್ಲಿ ಮುಗಿಯುತ್ತದೆ. 16 ನಿಲ್ದಾಣ, 19 ಕಿ.ಮೀ.

ಈ ಚಿತ್ರದಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಮೂರು ಗೆರೆ, ಎರಡೇ ಕೂಡುತಾಣ, ಎಲ್ಲೂ ಸುತ್ತಿ ಬಂದು ಮುಚ್ಚಿಕೊಳ್ಳುವ ವರ್ತುಲವಿಲ್ಲ. ಹಾಗಾಗಿ ಯಾವ ಎರಡು ನಿಲ್ದಾಣಗಳನ್ನು ಆರಿಸಿದರೂ ಅವುಗಳ ನಡುವೆ ದಾರಿ ಒಂದೇ. ದೆಹಲಿಯ ಮೆಟ್ರೊ ನಕ್ಷೆಯ ಮುಂದೆ ನಿಂತವರು ಎರಡು ಮೂರು ದಾರಿಗಳನ್ನು ತೂಗಿ ನೋಡಬೇಕಾಗುತ್ತದೆ. ಇಲ್ಲಿ ಆ ತಲೆನೋವಿಲ್ಲ. ನೀವಿರುವ ಬಣ್ಣ ಮತ್ತು ಹೋಗಬೇಕಾದ ಬಣ್ಣ ಒಂದೇ ಆಗಿದ್ದರೆ ರೈಲು ಬದಲಿಸುವ ಪ್ರಮೇಯವೇ ಇಲ್ಲ. ನೇರಳೆ ಮತ್ತು ಹಸಿರಾದರೆ ಮೆಜೆಸ್ಟಿಕ್‌ನಲ್ಲಿ ಒಮ್ಮೆ. ಹಸಿರು ಮತ್ತು ಹಳದಿಯಾದರೆ ಆರ್.ವಿ. ರಸ್ತೆಯಲ್ಲಿ ಒಮ್ಮೆ. ನೇರಳೆಯಿಂದ ಹಳದಿಗಾದರೆ ಎರಡೂ ಕಡೆ, ಅಂದರೆ ಎರಡು ಬಾರಿ. ಬದಲಾವಣೆಯ ಲೆಕ್ಕ ಇಲ್ಲಿಗೆ ಮುಗಿಯಿತು.

ನಕ್ಷೆಯಲ್ಲಿ ಕೂಡುತಾಣವನ್ನು ಗುರುತಿಸುವುದೂ ಸುಲಭ. ಮಾಮೂಲಿ ನಿಲ್ದಾಣಕ್ಕೆ ಗೆರೆಯ ಮೇಲೊಂದು ಸಣ್ಣ ಗುರುತಿದ್ದರೆ, ಕೂಡುತಾಣಕ್ಕೆ ಅದಕ್ಕಿಂತ ದೊಡ್ಡ ವೃತ್ತ ಅಥವಾ ಎರಡು ಗೆರೆಗಳನ್ನು ಒಟ್ಟಿಗೆ ಹಿಡಿದ ಚಿಹ್ನೆ ಇರುತ್ತದೆ. ಮೋಸ ಹೋಗುವುದು ಚುಕ್ಕೆಗೆರೆಯ ಮಾರ್ಗಗಳ ಬಳಿ. ಗುಲಾಬಿ ಮತ್ತು ನೀಲಿ ಮಾರ್ಗಗಳನ್ನು ಅನೇಕ ನಕ್ಷೆಗಳಲ್ಲಿ ಕಾಮಗಾರಿ ನಡೆಯುತ್ತಿರುವಾಗಲೇ ಬರೆದಿರುತ್ತಾರೆ. ಮಹಾತ್ಮ ಗಾಂಧಿ ರಸ್ತೆ, ಜಯದೇವ ಆಸ್ಪತ್ರೆ, ಕೃಷ್ಣರಾಜಪುರ ನಿಲ್ದಾಣಗಳ ಮೇಲೆ ಆಗಲೇ ಕೂಡುತಾಣದ ವೃತ್ತ ಬಿದ್ದಿರುತ್ತದೆ. ಆದರೆ ಕೂಡುವ ಎರಡನೆಯ ಗೆರೆ ತುಂಡುತುಂಡಾಗಿ, ಮಸುಕಾಗಿ ಇದ್ದರೆ ಅಲ್ಲಿ ಇಳಿದು ಪ್ರಯೋಜನವಿಲ್ಲ, ಹತ್ತಲು ಇನ್ನೊಂದು ರೈಲೇ ಇರುವುದಿಲ್ಲ.

ಗೆರೆ ನೆಟ್ಟಗಿದ್ದ ಮಾತ್ರಕ್ಕೆ ದಾರಿ ನೆಟ್ಟಗಿಲ್ಲ

ಮೆಟ್ರೊ ನಕ್ಷೆಗಳು ಲಂಡನ್ನಿನ ಹ್ಯಾರಿ ಬೆಕ್ ಹಾಕಿಕೊಟ್ಟ ಮಾದರಿಯಲ್ಲೇ ಈಗಲೂ ನಡೆಯುತ್ತಿವೆ. ವಿದ್ಯುತ್ ಸರ್ಕ್ಯೂಟ್‌ಗಳ ನಕಾಶೆ ಬರೆದು ಪಳಗಿದ್ದ ಈತ 1931ರಲ್ಲಿ ಲಂಡನ್ ಸುರಂಗ ರೈಲಿನ ನಕ್ಷೆಯನ್ನು ಭೂಗೋಳದ ಹಂಗಿಲ್ಲದೆ ಅಡ್ಡ, ಉದ್ದ ಮತ್ತು ಓರೆ ಗೆರೆಗಳಲ್ಲಿ ಬರೆದ. 1933ರಲ್ಲಿ ಅದು ಅಚ್ಚಾಗಿ ಪ್ರಯಾಣಿಕರ ಕೈಸೇರಿತು. ನೆಲದಡಿಯಲ್ಲಿ ಹೋಗುವವನಿಗೆ ಮೇಲೆ ಯಾವ ಬೀದಿಯಿದೆ ಎಂಬುದಕ್ಕಿಂತ ಮುಂದಿನ ನಿಲ್ದಾಣ ಯಾವುದೆಂಬುದು ಮುಖ್ಯ ಎಂಬ ತರ್ಕ ಅದರ ಹಿಂದಿತ್ತು. ಓದಲು ಸಲೀಸಾಗಲೆಂದು ನಗರದ ನಡುಭಾಗವನ್ನು ಹಿಗ್ಗಿಸಿ, ಹೊರಭಾಗವನ್ನು ಕುಗ್ಗಿಸಿ, ನಿಲ್ದಾಣಗಳನ್ನು ಸಮ ಅಂತರದಲ್ಲಿ ಕೂರಿಸುತ್ತಾರೆ.

ಇದರ ಪರಿಣಾಮ ಪ್ರಯಾಣಿಕನ ಲೆಕ್ಕದ ಮೇಲೆ ಆಗುತ್ತದೆ. ನಕ್ಷೆಯ ಮೇಲೆ ಬೆರಳಿಟ್ಟು ಅಳೆದ ದೂರಕ್ಕೆ ಅರ್ಥವಿಲ್ಲ. ನಿಲ್ದಾಣ ಎಣಿಸಿದರೆ ಅಂದಾಜು ಸಿಗುತ್ತದೆ. ನಮ್ಮ ಮೆಟ್ರೊದಲ್ಲಿ ಎರಡು ನಿಲ್ದಾಣಗಳ ನಡುವಿನ ಅಂತರ ಸರಾಸರಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಿಲ್ಲುವ ಸಮಯವೂ ಸೇರಿ ಒಂದೊಂದು ಅಂತರಕ್ಕೆ ಎರಡೂಕಾಲು ನಿಮಿಷ ಹಿಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಣಿಸುವಾಗ ನೀವು ಹತ್ತುವ ನಿಲ್ದಾಣವನ್ನು ಬಿಟ್ಟು ಇಳಿಯುವ ನಿಲ್ದಾಣವನ್ನು ಸೇರಿಸಿಕೊಳ್ಳಿ.

ನಕ್ಷೆ ಮುಚ್ಚಿಡುವ ಇನ್ನೊಂದು ಸಂಗತಿ ನಡಿಗೆಯ ದೂರ. ಮೆಜೆಸ್ಟಿಕ್ ಆದ ಮೇಲೆ ನೇರಳೆ ಮಾರ್ಗದಲ್ಲಿ ನಗರ ರೈಲು ನಿಲ್ದಾಣ ಬೇರೆಯೇ ಬಿಂದುವಾಗಿ ಕಾಣುತ್ತದೆ. ಹಸಿರು ಮಾರ್ಗದಲ್ಲಿ ಬಂದವರು ಊರಿನ ರೈಲು ಹಿಡಿಯಲು ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಒಂದು ನಿಲ್ದಾಣ ಮುಂದೆ ಹೋಗಬೇಕೆಂದು ತಿಳಿಯುತ್ತಾರೆ. ಆದರೆ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಿಂದಲೇ ರೈಲು ನಿಲ್ದಾಣದ ಮುಂಬಾಗಿಲಿಗೆ ನಡೆದು ಹೋಗಬಹುದು. ಪ್ಲಾಟ್‌ಫಾರಂ ಬದಲಿಸಿ ಇನ್ನೊಂದು ರೈಲಿಗೆ ಕಾಯುವಷ್ಟರಲ್ಲಿ ಅಲ್ಲಿ ತಲುಪಿಯೇ ಬಿಡುತ್ತೀರಿ. ಕೆಎಸ್‌ಆರ್‌ಟಿಸಿ ಮತ್ತು ಬಿಎಂಟಿಸಿ ಬಸ್ ನಿಲ್ದಾಣಗಳೂ ಅದೇ ಆವರಣದ ಆಸುಪಾಸಿನಲ್ಲಿವೆ.

ದಿಕ್ಕು ಅಂದರೆ ತುದಿಯ ಹೆಸರು

ಪ್ಲಾಟ್‌ಫಾರಂನಲ್ಲಿ ಯಾರೂ ಉತ್ತರ, ದಕ್ಷಿಣ ಎಂದು ಬರೆದಿರುವುದಿಲ್ಲ. ಫಲಕದಲ್ಲೂ ಘೋಷಣೆಯಲ್ಲೂ ಬರುವುದು ಮಾರ್ಗದ ಕೊನೆಯ ನಿಲ್ದಾಣದ ಹೆಸರು. ಆದ್ದರಿಂದ ನಕ್ಷೆಯಲ್ಲಿ ನೀವು ಇಳಿಯುವ ನಿಲ್ದಾಣ ಸಿಕ್ಕ ಮೇಲೆ ಕಣ್ಣು ಅಲ್ಲೇ ನಿಲ್ಲಬಾರದು. ಅದೇ ಬಣ್ಣದ ಗೆರೆಯ ಮೇಲೆ ಮುಂದಕ್ಕೆ ಹೋಗಿ ತುದಿಯನ್ನೂ ಓದಿಕೊಳ್ಳಬೇಕು. ಯಶವಂತಪುರದಿಂದ ಲಾಲ್‌ಬಾಗ್‌ಗೆ ಹೋಗುವವನ ರೈಲಿನ ಹಣೆಯ ಮೇಲೆ ಲಾಲ್‌ಬಾಗ್ ಎಂದಿರುವುದಿಲ್ಲ, ರೇಷ್ಮೆ ಸಂಸ್ಥೆ ಎಂದಿರುತ್ತದೆ. ನೆನಪಿಟ್ಟುಕೊಳ್ಳಬೇಕಾದ ತುದಿಗಳು ಒಟ್ಟು ಆರೇ: ವೈಟ್‌ಫೀಲ್ಡ್, ಚಲ್ಲಘಟ್ಟ, ಮಾದಾವರ, ರೇಷ್ಮೆ ಸಂಸ್ಥೆ, ಆರ್.ವಿ. ರಸ್ತೆ, ಬೊಮ್ಮಸಂದ್ರ.

ಇದರಲ್ಲೊಂದು ತೊಡಕು. ದಟ್ಟಣೆಯ ಹೊತ್ತಿನಲ್ಲಿ ನೇರಳೆ ಮಾರ್ಗದ ಕೆಲವು ರೈಲುಗಳು ತುದಿಯವರೆಗೆ ಹೋಗದೆ ಗರುಡಾಚಾರ್‌ಪಾಳ್ಯದಂಥ ನಡುವಿನ ನಿಲ್ದಾಣದಲ್ಲೇ ಮುಗಿಸಿ ಹಿಂತಿರುಗುತ್ತವೆ. ನಕ್ಷೆಯಲ್ಲಿ ಇದು ಇರುವುದಿಲ್ಲ, ಪ್ಲಾಟ್‌ಫಾರಂನ ಮಿನುಗುಫಲಕದಲ್ಲಿ ಮಾತ್ರ ಇರುತ್ತದೆ. ಫಲಕದಲ್ಲಿ ಅಪರಿಚಿತ ತುದಿ ಕಂಡರೆ ಗಾಬರಿ ಬೇಡ. ಆ ಹೆಸರು ನಕ್ಷೆಯಲ್ಲಿ ನಿಮ್ಮ ನಿಲ್ದಾಣಕ್ಕಿಂತ ಮುಂದಿದ್ದರೆ ಹತ್ತಿ, ಹಿಂದಿದ್ದರೆ ಮುಂದಿನ ರೈಲಿಗೆ ಕಾಯಿರಿ.

ಹೆಸರಿನ ಗೊಂದಲಗಳು

ಹೊಸಬರು ದಾರಿ ತಪ್ಪುವುದಕ್ಕೆ ಬಣ್ಣಗಳಿಗಿಂತ ಹೆಸರುಗಳೇ ಹೆಚ್ಚು ಕಾರಣ ಎಂದು ನನ್ನ ಅನಿಸಿಕೆ. ಎಲ್ಲಕ್ಕಿಂತ ದೊಡ್ಡ ಬಲೆ ರೇಷ್ಮೆಯದು. ಹಸಿರು ಮಾರ್ಗದ ದಕ್ಷಿಣ ತುದಿ ರೇಷ್ಮೆ ಸಂಸ್ಥೆ, ಇಂಗ್ಲಿಷ್ ಫಲಕದಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್. ಹಳದಿ ಮಾರ್ಗದ ಐದನೆಯ ನಿಲ್ದಾಣ ಸೆಂಟ್ರಲ್ ಸಿಲ್ಕ್ ಬೋರ್ಡ್, ಅಂದರೆ ಕೇಂದ್ರ ರೇಷ್ಮೆ ಮಂಡಳಿ. ಒಂದು ಕನಕಪುರ ರಸ್ತೆಯಲ್ಲಿ, ಇನ್ನೊಂದು ಹೊಸೂರು ರಸ್ತೆಯಲ್ಲಿ. ಬಿಟಿಎಂ ಅಥವಾ ಎಚ್‌ಎಸ್‌ಆರ್ ಬಡಾವಣೆಯ ಪಿಜಿಗೆ ಹೊರಟವರಿಗೆ ಯಾರಾದರೂ ‘ಸಿಲ್ಕ್ ಬೋರ್ಡಲ್ಲಿ ಇಳೀರಿ’ ಎಂದಿದ್ದರೆ, ಮೆಜೆಸ್ಟಿಕ್‌ನಲ್ಲಿ ‘ಸಿಲ್ಕ್’ ಎಂಬ ಘೋಷಣೆ ಕೇಳಿ ಹತ್ತಿ ಕುಳಿತರೆ ಸಾಲದು. ಆ ರೈಲು ಸರಿಯೇ, ಆದರೆ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿಗೆ ಬದಲಾಯಿಸದಿದ್ದರೆ ಊರಿನ ಬೇರೆಯದೇ ಮೂಲೆಗೆ ಹೋಗಿ ಇಳಿಯುತ್ತಾರೆ.

ಎರಡನೆಯದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದು. ಹೊರರಾಜ್ಯಗಳ ಎಷ್ಟೋ ರೈಲುಗಳು ಈಗ ಬೈಯಪ್ಪನಹಳ್ಳಿ ಕಡೆಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬಂದು ನಿಲ್ಲುತ್ತವೆ. ನೇರಳೆ ನಕ್ಷೆಯಲ್ಲಿ ಮೆಜೆಸ್ಟಿಕ್‌ಗೆ ಹಿಂದಿನದಾಗಿ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು’ ಎಂಬ ಬಿಂದು ಇದೆ. ಹೆಸರಿನ ಹೊರತು ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಊರಿನ ಪೂರ್ವಕ್ಕೆ, ಇನ್ನೊಂದು ನಡುವಿನಲ್ಲಿ. ರೈಲು ಹಿಡಿಯಲು ಟರ್ಮಿನಲ್‌ಗೆ ಹೊರಟವರು ಸೆಂಟ್ರಲ್ ಕಾಲೇಜಿನ ಬಳಿ ಇಳಿದರೆ ರೈಲು ತಪ್ಪುವುದು ಬಹುತೇಕ ಖಚಿತ. ಅವರು ಇಳಿಯಬೇಕಾದದ್ದು ಬೈಯಪ್ಪನಹಳ್ಳಿ ಮೆಟ್ರೊದಲ್ಲಿ. ಅಲ್ಲಿಂದಲೂ ಟರ್ಮಿನಲ್ ಪಕ್ಕದಲ್ಲೇನಿಲ್ಲ, ಬಸ್ಸೋ ಆಟೋವೋ ಹಿಡಿಯಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಬೇಕು.

ಉಳಿದವು ಸಣ್ಣವು. ನೇರಳೆಯ ಕೆ.ಆರ್. ಪುರ ಬೇರೆ, ಹಸಿರಿನ ಕೆ.ಆರ್. ಮಾರುಕಟ್ಟೆ ಬೇರೆ. ಪೀಣ್ಯ ಮತ್ತು ಪೀಣ್ಯ ಇಂಡಸ್ಟ್ರಿ ಒತ್ತೊತ್ತಿಗಿರುವ ಎರಡು ನಿಲ್ದಾಣಗಳು. ವೈಟ್‌ಫೀಲ್ಡ್ ಎಂದು ಜನ ಕರೆಯುವ ಪ್ರದೇಶ ನಕ್ಷೆಯ ವೈಟ್‌ಫೀಲ್ಡ್ (ಕಾಡುಗೋಡಿ) ಬಿಂದುವಿಗಿಂತ ಎಷ್ಟೋ ದೊಡ್ಡದು. ಐಟಿಪಿಎಲ್‌ಗೆ ಹೋಗುವವರು ಕೊನೆಯವರೆಗೆ ಹೋಗದೆ ಮೂರು ನಿಲ್ದಾಣ ಮೊದಲೇ, ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ಪ್ರಾಯೋಜಕರ ಹೆಸರು ಅಂಟಿಕೊಂಡ ನಿಲ್ದಾಣಗಳೂ ಉಂಟು. ಊರವರು ಕೋಣಪ್ಪನ ಅಗ್ರಹಾರ ಎನ್ನುವುದು ನಕ್ಷೆಯಲ್ಲಿ ‘ಇನ್ಫೊಸಿಸ್ ಫೌಂಡೇಶನ್ ಕೋಣಪ್ಪನ ಅಗ್ರಹಾರ’ ಆಗಿರುತ್ತದೆ. ಇಂಥಲ್ಲಿ ಊರಿನ ಹೆಸರನ್ನಷ್ಟೇ ಹುಡುಕಿ.

ದರದ ವಲಯ ಎಲ್ಲಿದೆ?

ಲಂಡನ್ನಿನ ನಕ್ಷೆಯಲ್ಲಿ ನಗರದ ನಡುವಿನಿಂದ ಹೊರಕ್ಕೆ ಬಳೆಗಳಂತೆ ವಲಯಗಳು ಹರಡಿಕೊಂಡಿರುತ್ತವೆ. ಎಷ್ಟು ವಲಯ ದಾಟಿದಿರಿ ಎಂಬುದರ ಮೇಲೆ ದರ. ಅಂಥ ಊರಿನಲ್ಲಿದ್ದು ಬಂದವರು ಬೆಂಗಳೂರಿನ ನಕ್ಷೆಯಲ್ಲೂ ಅದನ್ನೇ ಹುಡುಕುತ್ತಾರೆ. ಇಲ್ಲಿ ವಲಯ ಎಂಬ ಮಾತು ಬಳಕೆಯಲ್ಲಿದ್ದರೂ ಅದು ನೆಲದ ಮೇಲಿನ ಗಡಿಯಲ್ಲ, ದೂರದ ಹಂತ. ನಿಲ್ದಾಣಕ್ಕೆ ಯಾವ ವಲಯವೂ ಇಲ್ಲ, ವಲಯವಿರುವುದು ಪ್ರಯಾಣಕ್ಕೆ. ನೀವು ಹತ್ತಿದಲ್ಲಿಂದ ಇಳಿಯುವಲ್ಲಿಗೆ ಹಳಿಯ ಮೇಲೆ ಎಷ್ಟು ಕಿಲೋಮೀಟರ್ ಎಂಬುದು ಯಾವ ಹಂತಕ್ಕೆ ಬೀಳುತ್ತದೋ ಆ ಹಂತದ ದರ.

2025ರ ಫೆಬ್ರವರಿ 9ರಂದು ಜಾರಿಯಾದ ಪರಿಷ್ಕರಣೆಯಲ್ಲಿ ಹಿಂದೆ 29 ಇದ್ದ ಈ ಹಂತಗಳನ್ನು 10ಕ್ಕೆ ಇಳಿಸಿದರು. ಹತ್ತು ಕಿಲೋಮೀಟರ್‌ವರೆಗೆ ಎರಡೆರಡು ಕಿಲೋಮೀಟರಿಗೆ ಒಂದು ಹಂತ, ಆಮೇಲೆ ಐದೈದಕ್ಕೆ ಒಂದು. ಕನಿಷ್ಠ ದರ 10 ರೂಪಾಯಿ, ಗರಿಷ್ಠ 90. ಏರಿಕೆ ವಿಪರೀತವಾಯಿತೆಂದು ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ಕೆಲವು ಹಂತಗಳ ದರವನ್ನು ತಗ್ಗಿಸಿದರು. ಕನಿಷ್ಠ, ಗರಿಷ್ಠಗಳು ಮಾತ್ರ ಹಾಗೇ ಉಳಿದವು. ಹಾಗಾಗಿ ಕಿಲೋಮೀಟರ್ ಗುಣಿಸಿ ದರ ಕಂಡುಹಿಡಿಯಲು ಹೋಗಬೇಡಿ. ನಿಲ್ದಾಣದಲ್ಲಿ ಹಾಕಿರುವ ದರಪಟ್ಟಿಯಲ್ಲೋ ಮೆಟ್ರೊ ಆ್ಯಪ್‌ನಲ್ಲೋ ಎರಡು ನಿಲ್ದಾಣಗಳ ಹೆಸರು ಹಾಕಿ ನೋಡುವುದೇ ಸರಿ.

ಈ ಪದ್ಧತಿಯಿಂದ ಹೊಸಬರಿಗೆ ತಿಳಿದಿರಬೇಕಾದದ್ದು, ಬಣ್ಣ ಬದಲಿಸಿದ್ದಕ್ಕೆ ಪ್ರತ್ಯೇಕ ದುಡ್ಡಿಲ್ಲ ಎಂಬುದು. ಮೂರು ಮಾರ್ಗ ಹತ್ತಿಳಿದರೂ ಟಿಕೆಟ್ ಒಂದೇ, ಲೆಕ್ಕ ಒಟ್ಟು ದೂರದ್ದು. ಆದರೆ ಇದಕ್ಕೊಂದು ಷರತ್ತು: ನಡುವೆ ಗೇಟ್ ದಾಟಿ ಹೊರಗೆ ಬರಬಾರದು. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವಾಗ ‘ನಿರ್ಗಮನ’ ಎಂದಿರುವ ಫಲಕದ ಹಿಂದೆ ಹೋಗಿ ಗೇಟಿಗೆ ಕಾರ್ಡ್ ತೋರಿಸಿದರೆ ಆ ಪ್ರಯಾಣ ಅಲ್ಲಿಗೆ ಮುಗಿಯಿತು. ಮತ್ತೆ ಒಳಗೆ ಬಂದರೆ ಹೊಸ ಪ್ರಯಾಣ, ಹೊಸ ದರ. ಹಂತಗಳು ಮೊದಲ ಕಿಲೋಮೀಟರ್‌ಗಳಲ್ಲೇ ಬೇಗ ಬೇಗ ಏರುವುದರಿಂದ ತುಂಡು ಮಾಡಿದ ಎರಡು ಪ್ರಯಾಣಗಳ ಮೊತ್ತ ಸಾಮಾನ್ಯವಾಗಿ ಒಂದೇ ಉದ್ದ ಪ್ರಯಾಣಕ್ಕಿಂತ ದುಬಾರಿ. ಬದಲಾಯಿಸುವವರು ನೋಡಬೇಕಾದದ್ದು ನಿರ್ಗಮನದ ಫಲಕವನ್ನಲ್ಲ, ಮುಂದಿನ ಮಾರ್ಗದ ಬಣ್ಣದ ಫಲಕವನ್ನು.

ಸ್ಮಾರ್ಟ್ ಕಾರ್ಡ್ ಇದ್ದವರಿಗೆ ದರದಲ್ಲಿ ಶೇ 5 ರಿಯಾಯಿತಿ ಇದೆ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನೂ ಶೇ 5. ಆದರೆ ಪರಿಷ್ಕರಣೆಯ ನಂತರ ಕಾರ್ಡ್‌ನಲ್ಲಿ ಕನಿಷ್ಠ 90 ರೂಪಾಯಿ ಇರಬೇಕೆಂಬ ನಿಯಮ ಬಂತು. ಎಲ್ಲಿ ಇಳಿಯುತ್ತೀರೆಂದು ಒಳಹೋಗುವಾಗ ಗೇಟಿಗೆ ಗೊತ್ತಿರುವುದಿಲ್ಲವಲ್ಲ, ಅದಕ್ಕೇ ಗರಿಷ್ಠ ದರದಷ್ಟನ್ನು ಮೊದಲೇ ಖಾತ್ರಿಪಡಿಸಿಕೊಳ್ಳುತ್ತದೆ. ಟೋಕನ್ ಅಥವಾ ಕ್ಯೂಆರ್ ಟಿಕೆಟ್‌ನಲ್ಲಿ ಹಾಗಲ್ಲ. ಇಳಿಯುವ ನಿಲ್ದಾಣ ಮೊದಲೇ ನಿಗದಿ. ಅದನ್ನು ದಾಟಿ ಹೋದರೆ ಹೊರಗೇಟು ತೆರೆಯುವುದಿಲ್ಲ. ಪಕ್ಕದ ಕೌಂಟರ್‌ನಲ್ಲಿ ವ್ಯತ್ಯಾಸ ಕಟ್ಟಬೇಕು.

ಒಂದು ಪ್ರಯಾಣ: ಯಶವಂತಪುರದಿಂದ ಕೋಣಪ್ಪನ ಅಗ್ರಹಾರಕ್ಕೆ

ಹುಬ್ಬಳ್ಳಿ ಕಡೆಯಿಂದ ಬೆಳಗಿನ ರೈಲಿಗೆ ಬಂದು ಯಶವಂತಪುರದಲ್ಲಿ ಇಳಿದ ಒಬ್ಬ ಹುಡುಗಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರುವುದಿದೆ, ಕಚೇರಿ ಕೋಣಪ್ಪನ ಅಗ್ರಹಾರದ ಹತ್ತಿರ ಎಂದುಕೊಳ್ಳೋಣ. ನಕ್ಷೆಯಲ್ಲಿ ಅವಳು ಮೊದಲು ಇಳಿಯುವ ಬಿಂದುವನ್ನು ಹುಡುಕುತ್ತಾಳೆ. ಅದು ಹಳದಿ ಗೆರೆಯ ಮೇಲೆ, ಎಲೆಕ್ಟ್ರಾನಿಕ್ ಸಿಟಿ ಎಂಬ ನಿಲ್ದಾಣ ಆದ ಮೇಲಿನದು. ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರು ಕಂಡೊಡನೆ ಇಳಿದರೆ ಒಂದು ನಿಲ್ದಾಣದಷ್ಟು ದಾರಿ ಉಳಿದುಬಿಡುತ್ತದೆ. ಅವಳಿರುವುದು ಹಸಿರಿನಲ್ಲಿ. ಹಸಿರು, ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ಅಲ್ಲಿಗೆ ಬದಲಾವಣೆ ಒಂದೇ ಎಂದಾಯಿತು. ನಡುವೆ ಮೆಜೆಸ್ಟಿಕ್ ಬಂದಾಗ ಗಾಡಿಯಲ್ಲಿರುವ ಅರ್ಧ ಜನ ಎದ್ದು ಬಾಗಿಲ ಕಡೆ ನುಗ್ಗುತ್ತಾರೆ, ಅವರ ಜತೆ ಇಳಿಯುವ ಮನಸ್ಸೂ ಆಗುತ್ತದೆ. ಅವಳು ಕುಳಿತೇ ಇರಬೇಕು, ನೇರಳೆಯಿಂದ ಅವಳಿಗೆ ಕೆಲಸವಿಲ್ಲ.

ಯಶವಂತಪುರದಲ್ಲಿ ಹಿಡಿಯಬೇಕಾದದ್ದು ರೇಷ್ಮೆ ಸಂಸ್ಥೆಯ ಕಡೆಯ ರೈಲು. ಎಣಿಸಿದರೆ ಏಳನೆಯದು ಮೆಜೆಸ್ಟಿಕ್, ಹದಿನಾಲ್ಕನೆಯದು ಆರ್.ವಿ. ರಸ್ತೆ. ಜಯನಗರ ಎಂದು ಘೋಷಣೆ ಬಂದಾಗ ಬ್ಯಾಗ್ ಎತ್ತಿಕೊಂಡು ಬಾಗಿಲ ಬಳಿ ಬರಬಹುದು, ಅವಳದು ಅದರ ನಂತರದ್ದು. ಇಳಿದ ಮೇಲೆ ಹಳದಿ ಫಲಕ ಹಿಡಿದು ಬೊಮ್ಮಸಂದ್ರದ ರೈಲಿಗೆ. ಆರ್.ವಿ. ರಸ್ತೆಯೇ ಹಳದಿಯ ತುದಿಯಾದ್ದರಿಂದ ಅಲ್ಲಿಂದ ಹೊರಡುವ ರೈಲುಗಳೆಲ್ಲ ಹೋಗುವುದು ಒಂದೇ ಕಡೆಗೆ. ಹನ್ನೆರಡನೆಯ ನಿಲ್ದಾಣ ಕೋಣಪ್ಪನ ಅಗ್ರಹಾರ.

ಒಟ್ಟು 26 ಅಂತರ. ಎರಡೂಕಾಲು ನಿಮಿಷದ ಲೆಕ್ಕದಲ್ಲಿ ಸುಮಾರು ಒಂದು ಗಂಟೆ ರೈಲಿನೊಳಗೆ. ಇದಕ್ಕೆ ಆರ್.ವಿ. ರಸ್ತೆಯಲ್ಲಿ ನಡೆಯುವ ಮತ್ತು ಕಾಯುವ ಸಮಯ ಸೇರಿಸಬೇಕು. ನಕ್ಷೆ ಇಲ್ಲಿ ಮತ್ತೆ ಮೌನ. ಗೆರೆಗಳೆಲ್ಲ ಒಂದೇ ದಪ್ಪ, ಆದರೆ ರೈಲುಗಳ ಓಡಾಟ ಒಂದೇ ತರಹದ್ದಲ್ಲ. ಹಳದಿ ಮಾರ್ಗ ಶುರುವಾದಾಗ ಅದರಲ್ಲಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ರೈಲುಗಳು ಬಂದು ಸೇರಿದಂತೆ ಕಾಯುವಿಕೆ ಕಡಿಮೆಯಾಗುತ್ತ ಬಂದರೂ ನೇರಳೆ, ಹಸಿರಿನಷ್ಟು ದಟ್ಟವಾಗಿ ಅದು ಆಗ ಓಡುತ್ತಿರಲಿಲ್ಲ. ಹತ್ತು ಗಂಟೆಗೆ ಕಚೇರಿಯ ಬಾಗಿಲಲ್ಲಿರಬೇಕಾದವಳು ಎಂಟೂವರೆಗೆಲ್ಲ ಯಶವಂತಪುರದ ಪ್ಲಾಟ್‌ಫಾರಂನಲ್ಲಿರುವುದು ಒಳ್ಳೆಯದು. ದೂರ ಸುಮಾರು 30 ಕಿ.ಮೀ. ಆಗುವುದರಿಂದ ದರ ಪಟ್ಟಿಯ ಮೇಲ್ತುದಿಗೆ ಬೀಳುತ್ತದೆ.

ಹಳೆಯ ನಕ್ಷೆ ಗುರುತಿಸುವುದು

ಮೊಬೈಲ್‌ನಲ್ಲಿ ಹುಡುಕಿದಾಗ ಮೊದಲು ಸಿಗುವ ನಕ್ಷೆ ಎಷ್ಟೋ ಸಲ ಹಳೆಯದು. ಪಿಜಿಯ ಗೋಡೆಯ ಮೇಲೆ ಅಂಟಿಸಿದ್ದು ಇನ್ನೂ ಹಳೆಯದಿರಬಹುದು. ವಯಸ್ಸು ಹೇಳುವುದು ಗೆರೆಗಳ ತುದಿಗಳು. ನೇರಳೆಯ ಪಶ್ಚಿಮದ ತುದಿ ಮೈಸೂರು ರಸ್ತೆ ಎಂದಿದ್ದರೆ ಅದು 2021ರ ಆಗಸ್ಟ್‌ಗಿಂತ ಹಿಂದಿನದು. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಗೆರೆ ತುಂಡಾಗಿದ್ದರೆ 2023ರ ಅಕ್ಟೋಬರ್‌ಗಿಂತ ಹಿಂದಿನದು. ಆ ತಿಂಗಳ 9ರಂದು ಆ ಕೊಂಡಿ ಕೂಡಿತು. ಹಸಿರು ನಾಗಸಂದ್ರದಲ್ಲೇ ನಿಂತಿದ್ದರೆ 2024ರ ನವೆಂಬರ್‌ಗಿಂತ ಹಿಂದಿನದು. ಹಳದಿ ಗೆರೆ ಚುಕ್ಕೆಚುಕ್ಕೆಯಾಗಿದ್ದರೆ 2025ರ ಆಗಸ್ಟ್‌ಗಿಂತ ಹಿಂದಿನದು.

ಚುಕ್ಕೆಗೆರೆಗಳು ತುಂಬಿಕೊಂಡಾಗ

ಈಗಿನ ನಕ್ಷೆಯ ಕೊರತೆ ಅರ್ಥವಾಗಬೇಕಾದರೆ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬೆರಳಾಡಿಸಿ ನೋಡಬೇಕು. ಎರಡೂ ಊರಿನ ಪೂರ್ವ ಮತ್ತು ಆಗ್ನೇಯದಲ್ಲಿವೆ, ರಸ್ತೆಯಲ್ಲಿ ಹೋಗುವವರು ಹೊರವರ್ತುಲ ರಸ್ತೆ ಹಿಡಿಯುತ್ತಾರೆ. ಮೆಟ್ರೊದಲ್ಲಾದರೆ ನೇರಳೆಯಲ್ಲಿ 22 ಅಂತರ ದಾಟಿ ಮೆಜೆಸ್ಟಿಕ್, ಹಸಿರಿನಲ್ಲಿ ಏಳು ದಾಟಿ ಆರ್.ವಿ. ರಸ್ತೆ, ಹಳದಿಯಲ್ಲಿ ಹನ್ನೊಂದು. ಒಟ್ಟು 40. ಪೂರ್ವದಿಂದ ಪೂರ್ವಕ್ಕೆ ಹೋಗಲು ಊರಿನ ನಡುವಿನವರೆಗೆ ಬಂದು ಹಿಂತಿರುಗಬೇಕು. ದರವೂ ಹಳಿಯ ದೂರಕ್ಕೇ.

ಚುಕ್ಕೆಗೆರೆಯ ನೀಲಿ ಮಾರ್ಗ ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆಗುಂಟ ಬೆಳ್ಳಂದೂರು, ಮಾರತ್‌ಹಳ್ಳಿ ಹಾದು ಕೆ.ಆರ್. ಪುರ ಸೇರುತ್ತದೆ, ಮುಂದೆ ವಿಮಾನ ನಿಲ್ದಾಣಕ್ಕೂ ಹೋಗುತ್ತದೆ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗ ಜಯದೇವದಲ್ಲಿ ಹಳದಿಯನ್ನೂ ಎಂ.ಜಿ. ರಸ್ತೆಯಲ್ಲಿ ನೇರಳೆಯನ್ನೂ ಕತ್ತರಿಸುತ್ತದೆ. ಇವು ತುಂಬುಗೆರೆಯಾದ ದಿನ ನಕ್ಷೆಯಲ್ಲಿ ಮೊದಲ ಬಾರಿಗೆ ವರ್ತುಲಗಳು ಹುಟ್ಟುತ್ತವೆ, ಒಂದೇ ದಾರಿ ಎಂಬ ನಿಯಮ ಮುರಿಯುತ್ತದೆ. ಜಯನಗರದಿಂದ ಎಂ.ಜಿ. ರಸ್ತೆಗೆ ಮೆಜೆಸ್ಟಿಕ್ ಮೂಲಕ ಒಂದೇ ಬದಲಾವಣೆಯಲ್ಲಿ ಹೋಗಬಹುದು, ಇಲ್ಲವೇ ಆರ್.ವಿ. ರಸ್ತೆ, ಜಯದೇವ ಎರಡೂ ಕಡೆ ಬದಲಾಯಿಸಿ ಇನ್ನೊಂದು ದಾರಿ ಹಿಡಿಯಬಹುದು. ಆಗ ನಿಲ್ದಾಣ ಎಣಿಸುವುದರ ಜತೆಗೆ ಪ್ರತಿ ಬದಲಾವಣೆಗೆ ಏಳೆಂಟು ನಿಮಿಷ ಕೂಡಿಸಿ ಎರಡನ್ನೂ ತೂಗಬೇಕಾಗುತ್ತದೆ. ವೈಟ್‌ಫೀಲ್ಡ್‌ನವರಿಗೆ ಮಾತ್ರ ತೂಗುವ ಅಗತ್ಯವಿಲ್ಲ. ಕೆ.ಆರ್. ಪುರಕ್ಕೆ ಹನ್ನೊಂದು, ನೀಲಿಯಲ್ಲಿ ಸಿಲ್ಕ್ ಬೋರ್ಡ್‌ಗೆ ಹನ್ನೆರಡು, ಹಳದಿಯಲ್ಲಿ ಏಳು. ಬದಲಾವಣೆ ಮೊದಲಿನಂತೆ ಎರಡೇ, ಅಂತರ 40ರಿಂದ 30ಕ್ಕೆ ಇಳಿಯುತ್ತದೆ.